ತೊತೊರೊ ಊರಿಗೆ ಹೋಗಲು ಯಾವ ಗೇಮ್?

ಹಯಾವೊ ಮಿಯಾಝಾಕಿ ನಿರ್ದೇಶಿಸಿದ ‘ಮೈ ನೇಬರ್ ತೊತೊರೊ’ 1988ರ ಅನಿಮೆ ಚಿತ್ರ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಸತ್ಸುಕಿ, ಮೇ ಎಂಬ ಅಕ್ಕತಂಗಿಯರು ಅಪ್ಪನ ಜೊತೆ ಹಳ್ಳಿಮನೆಗೆ ಬರುತ್ತಾರೆ. ಪಕ್ಕದ ಕಾಡಿನಲ್ಲಿ ತೊತೊರೊ ಎಂಬ ದೊಡ್ಡ, ಮೆತ್ತಗಿನ ಜೀವಿ ಇದೆ. ಖಳನಿಲ್ಲ, ಯುದ್ಧವಿಲ್ಲ. ಚಿತ್ರ ಮುಗಿದಾಗ ಆ ಊರಿನಲ್ಲಿ ಇನ್ನೂ ನಾಲ್ಕು ದಿನ ಇರಬೇಕಿತ್ತು ಅನಿಸುತ್ತದೆ. ಆ ಆಸೆಯಿಂದಲೇ ಎಷ್ಟೋ ಜನ ಗೇಮ್ ಹುಡುಕಲು ಹೊರಡುತ್ತಾರೆ.

ಹುಡುಕಿದವರಿಗೆ ಸಾಮಾನ್ಯವಾಗಿ ಮೊದಲು ಸಿಗುವ ಹೆಸರು ‘ನಿ ನೊ ಕುನಿ’. ಅದರ ಅನಿಮೇಷನ್ ದೃಶ್ಯಗಳನ್ನು ಮಾಡಿದ್ದು ತೊತೊರೊ ಮಾಡಿದ ಸ್ಟುಡಿಯೊ ಘಿಬ್ಲಿಯೇ. ಸಂಗೀತವೂ ಅದೇ ಜೋ ಹಿಸೈಶಿಯದು. ಇದಕ್ಕಿಂತ ಹತ್ತಿರದ್ದು ಇನ್ನೇನು ಬೇಕು? ಆದರೆ ಆಡಲು ಕೂತ ಮೇಲೆ ಕೈ ಮಾಡುವ ಕೆಲಸವೇ ಬೇರೆ. ಪುಟ್ಟ ಜೀವಿಗಳನ್ನು ಪಳಗಿಸಿ ಕಾದಾಟಕ್ಕೆ ಬಿಡಬೇಕು, ಗೆದ್ದು ಅವುಗಳ ಬಲ ಹೆಚ್ಚಿಸಬೇಕು, ಇನ್ನೂ ದೊಡ್ಡ ವೈರಿಯತ್ತ ನಡೆಯಬೇಕು. ಅದು ಒಳ್ಳೆಯ ಗೇಮ್, ಸಾಹಸಯಾತ್ರೆ ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು. ತೊತೊರೊ ಊರು ಮಾತ್ರ ಅದರಲ್ಲಿ ಇಲ್ಲ. ಚಿತ್ರ ಬರೆದವರು ಒಬ್ಬರೇ ಆದರೂ ವಾತಾವರಣ ಒಂದೇ ಆಗಬೇಕಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ನಿಮಗೆ ತುಂಬ ಇಷ್ಟವಾದ ಒಂದು ದೃಶ್ಯ ಆರಿಸಿಕೊಳ್ಳಿ. ಅದರಲ್ಲಿ ಪಾತ್ರಗಳು ಏನು ಮಾಡುತ್ತಿವೆ ಎಂಬುದನ್ನಷ್ಟೇ ಬರೆದಿಡಿ. ಬಸ್ ನಿಲ್ದಾಣದ ಮಳೆಯ ದೃಶ್ಯವನ್ನೇ ತೆಗೆದುಕೊಳ್ಳೋಣ. ಸತ್ಸುಕಿ ಛತ್ರಿ ಹಿಡಿದು ಅಪ್ಪನ ಬಸ್ಸಿಗೆ ಕಾಯುತ್ತಾಳೆ. ತಂಗಿ ಅವಳ ಬೆನ್ನ ಮೇಲೆ ನಿದ್ದೆ ಹೋಗುತ್ತಾಳೆ. ಕತ್ತಲಾಗುತ್ತದೆ, ಹನಿ ಬೀಳುವ ಸದ್ದು ಕೇಳುತ್ತದೆ. ಆಮೇಲೆಯೇ ತೊತೊರೊ ಪಕ್ಕಕ್ಕೆ ಬಂದು ನಿಲ್ಲುವುದು. ಇಲ್ಲಿರುವ ಕ್ರಿಯೆಗಳು ಕಾಯುವುದು, ನೋಡುವುದು, ಕೇಳಿಸಿಕೊಳ್ಳುವುದು, ಅಷ್ಟೇ. ಚಿತ್ರದ ಉಳಿದ ಭಾಗದಿಂದ ಅಲೆಯುವುದು, ಹೆಕ್ಕುವುದು, ಮನೆಗೆ ಮರಳುವುದು ಇವನ್ನೂ ಸೇರಿಸಿ. ನಿಮಗೆ ಬೇಕಾದದ್ದು ಇವನ್ನೆಲ್ಲ ಮಾಡಲು ಬಿಡುವ, ಅವಸರ ಮಾಡದ ಗೇಮ್.

ಅಂಥದ್ದು ಇದೆ. ಕಾಝ್ ಅಯಬೆ ರೂಪಿಸಿದ ‘ಬೊಕು ನೊ ನತ್ಸುಯಾಸುಮಿ’ 2000ರಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಕತೆ 1975ರ ಆಗಸ್ಟ್‌ನದು. ಅಮ್ಮನಿಗೆ ಹೆರಿಗೆ ಹತ್ತಿರವಾಗಿದೆ ಎಂದು ಒಂಬತ್ತು ವರ್ಷದ ಹುಡುಗನನ್ನು ರಜೆ ಕಳೆಯಲು ಹಳ್ಳಿಯ ನೆಂಟರ ಮನೆಗೆ ಕಳಿಸುತ್ತಾರೆ. ಅಲ್ಲಿ ಅವನಿಗೆ 31 ದಿನ. ಹುಳ ಹಿಡಿಯಬಹುದು, ಮೀನು ಹಿಡಿಯಬಹುದು, ಜೀರುಂಡೆ ಸದ್ದಿನ ನಡುವೆ ಸುಮ್ಮನೆ ತಿರುಗಬಹುದು. ರಾತ್ರಿ ಆ ದಿನದ ಚಿತ್ರ ಡೈರಿಗೆ ಸೇರುತ್ತದೆ. ಅಯಬೆಯವರ ಜಾಣ್ಮೆ ಕಾಲವನ್ನು ನಡೆಸಿದ ರೀತಿಯಲ್ಲಿದೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿದಾಗ ಮಾತ್ರ ಹೊತ್ತು ಮುಂದೆ ಹೋಗುತ್ತದೆ. ಹೊಳೆಯ ದಡದಲ್ಲಿ ನಿಂತೇ ಇದ್ದರೆ ಸೂರ್ಯನೂ ನಿಲ್ಲುತ್ತಾನೆ. ರಜೆಯಲ್ಲಿ ಅಜ್ಜಿ ಮನೆಗೆ ಹೋದ ನಮಗೆ ಈ ನಿಧಾನದ ರುಚಿಯನ್ನು ಯಾರೂ ವಿವರಿಸಬೇಕಿಲ್ಲ.

ತೊಡಕೆಂದರೆ ಅದು ಜಪಾನೀ ಭಾಷೆಯಲ್ಲಿ ಮಾತ್ರ ಬಿಡುಗಡೆಯಾಯಿತು. ಆದರೆ ಅಯಬೆಯವರೇ ಅದೇ ಹದದಲ್ಲಿ ಶಿನ್‌ಚಾನ್‌ನ ಗೇಮ್ ಒಂದನ್ನು ಮಾಡಿದ್ದಾರೆ. ಹೌದು, ನಮ್ಮ ಮಕ್ಕಳು ಟಿವಿಯಲ್ಲಿ ನೋಡುವ ಅದೇ ತುಂಟ. ಅದರ ಇಂಗ್ಲಿಷ್ ಆವೃತ್ತಿ 2022ರಲ್ಲಿ ಬಂತು, ಸ್ವಿಚ್, ಪಿಎಸ್4 ಮತ್ತು ಕಂಪ್ಯೂಟರ್‌ನಲ್ಲಿ ಆಡಬಹುದು. ಹಳ್ಳಿಯ ಹಿನ್ನೆಲೆ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಹಾಸ್ಯ ಶಿನ್‌ಚಾನ್‌ನದೇ, ನಡುವೆ ಡೈನೊಸಾರ್‌ಗಳೂ ಬರುತ್ತವೆ. ತೊತೊರೊದಲ್ಲಿ ಅಮ್ಮನ ಕಾಯಿಲೆ ತರುವ ಆ ಒಳಗಿನ ಅಳುಕು ಇಲ್ಲಿ ಸಿಗುವುದಿಲ್ಲ. ಒಂದೇ ಗೇಮ್ ಎಲ್ಲವನ್ನೂ ಕೊಡುತ್ತದೆ ಎಂದು ಕಾಯಬೇಡಿ. ನಿಮ್ಮ ಪಟ್ಟಿಯಲ್ಲಿ ಬಿಡಲಾಗದ್ದು ಯಾವುದು ಎಂದು ಮೊದಲೇ ನಿರ್ಧರಿಸಿ.

ಕೊಳ್ಳುವ ಮುನ್ನ ಟ್ರೇಲರ್ ನಂಬಬೇಡಿ, ಅದರಲ್ಲಿ ಚಂದದ ತುಣುಕುಗಳಷ್ಟೇ ಇರುತ್ತವೆ. ಯಾರಾದರೂ ಮಾತಿಲ್ಲದೆ ಆಡಿದ ವಿಡಿಯೊ ಹುಡುಕಿ, ಗೇಮ್‌ನ ನಡುಭಾಗದಿಂದ ಹದಿನೈದು ನಿಮಿಷ ನೋಡಿ. ಆರಂಭ ಬೇಡ, ಏಕೆಂದರೆ ‘ನಿ ನೊ ಕುನಿ’ಯಂಥವುಗಳ ಮೊದಲ ಗಂಟೆ ಸಿನಿಮಾದಂತೆಯೇ ಇರುತ್ತದೆ, ಕಾದಾಟದ ಓಘ ಶುರುವಾಗುವುದು ಆಮೇಲೆ. ನೋಡುವಾಗ ಆಡುವವರ ಕೈ ಪ್ರತಿ ನಿಮಿಷ ಏನು ಮಾಡುತ್ತಿದೆ, ಪರದೆಯ ಮೇಲೆ ಅಂಕವೋ ಗಡಿಯಾರವೋ ಬೆನ್ನಟ್ಟುತ್ತಿದೆಯೇ, ಸಂಗೀತ ಎಂದಾದರೂ ಸುಮ್ಮನಾಗುತ್ತದೆಯೇ ಎಂದು ಗಮನಿಸಿ. ನಿಮ್ಮ ಪಟ್ಟಿಯ ಕ್ರಿಯೆಗಳು ಅಲ್ಲಿ ಕಾಣದಿದ್ದರೆ ಚಿತ್ರ ಎಷ್ಟೇ ಹೋಲಲಿ, ಬಿಟ್ಟುಬಿಡಿ.

ಸ್ಟೀಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಶಿನ್‌ಚಾನ್‌ನ ಹಳ್ಳಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಅಷ್ಟು ಹೊತ್ತು ಸಾಕು. ಅಲ್ಲಿಂದಲೇ ಶುರು ಮಾಡಿ.