ಒಂದೇ ಕಂಪನಿ, ಎರಡು ವಾರಂಟಿ: ಸೇಲ್ಸ್ ಡೆಕ್ ಹಾಳಾಗೋದು ಎಲ್ಲಿ?

ಇವತ್ತು ಪಿಪಿಟಿ ಬಗ್ಗೆ ಮಾತಾಡೋಣ. ಇಯರ್‌ಫೋನ್ ತೆಗೀಬೇಡಿ, ಇದರಲ್ಲಿ ದುಡ್ಡು ಕಳ್ಕೊಂಡ ಕತೆ ಇದೆ.

ನಾನು ಕೆಲವು ವರ್ಷ ಪೀಣ್ಯದ ಒಂದು ಏರ್ ಕಂಪ್ರೆಸರ್ ಕಂಪನಿಯ ಮಾರ್ಕೆಟಿಂಗ್‌ನಲ್ಲಿದ್ದೆ. ಹೆಸರು ಬೇಡ. ಬೆಂಗಳೂರು, ಹುಬ್ಬಳ್ಳಿ, ಪುಣೆ, ಕೊಯಮತ್ತೂರು, ಹೀಗೆ ನಾಲ್ಕು ಕಡೆ ನಮ್ಮ ಸೇಲ್ಸ್ ಟೀಮ್ ಇತ್ತು. ಒಬ್ಬ ಗ್ರಾಹಕರಿಗೆ ಹುಬ್ಬಳ್ಳಿಯಲ್ಲೂ ಪುಣೆಯಲ್ಲೂ ಕಾರ್ಖಾನೆ. ಎರಡೂ ಕಡೆ ನಮ್ಮವರು ಹೋಗಿ ಒಂದೇ ಮಾಡೆಲ್ ತೋರಿಸಿ ಬಂದರು. ಅವರ ಪರ್ಚೇಸ್ ಮ್ಯಾನೇಜರ್ ಎರಡೂ ಡೆಕ್ ಪಕ್ಕಪಕ್ಕ ಇಟ್ಟುಕೊಂಡು ಫೋನ್ ಮಾಡಿದರು: ‘ಏನ್ ಸಾರ್, ಹುಬ್ಬಳ್ಳಿಯವರು 12 ತಿಂಗಳು ವಾರಂಟಿ ಅಂತಾರೆ, ಪುಣೆಯವರು 18 ಅಂತಾರೆ. ನೀವು ಒಂದೇ ಕಂಪನಿನಾ?’

18 ತಿಂಗಳು ಅನ್ನೋದು ಯಾವತ್ತೋ ಮುಗಿದುಹೋದ ಸ್ಕೀಮ್. ಆದರೆ ನಮ್ಮ ಲೋಗೋ ಇರೋ ಕಡತದಲ್ಲೇ ಅದು ಬರೆದಿತ್ತು. ಆರು ಮೆಷಿನ್‌ಗೂ 18 ತಿಂಗಳೇ ಕೊಡಬೇಕಾಯ್ತು.

ಪುಣೆಯ ಹುಡುಗನಿಗೆ ಬೈದರು. ನನ್ನ ಪ್ರಕಾರ ತಪ್ಪು ಅವನದಲ್ಲ, ನನ್ನದು. ನಾವು ‘ಟೆಂಪ್ಲೇಟ್’ ಅಂತ ಮೇಲ್‌ನಲ್ಲಿ ಕಳಿಸುತ್ತಿದ್ದದ್ದು ಮಾಮೂಲಿ .pptx ಕಡತ. ಅದನ್ನು ತೆರೆದರೆ ಅದೇ ಕಡತ ತೆರೆಯುತ್ತೆ. ಗ್ರಾಹಕರ ಹೆಸರು ಬದಲಿಸಿ ಸೇವ್ ಮಾಡ್ತಾರೆ, ಮುಂದಿನ ಸಲ ಅದರ ಮೇಲೇ ಇನ್ನೊಬ್ಬ ಗ್ರಾಹಕರ ಹೆಸರು. ಹೀಗೆ ಹಳೇ ಸ್ಲೈಡ್‌ಗಳು ಮನೆತನದ ಆಸ್ತಿ ಥರ ಕೈಯಿಂದ ಕೈಗೆ ದಾಟುತ್ತವೆ. ಅದೇ ಕಡತವನ್ನು .potx ಆಗಿ ಸೇವ್ ಮಾಡಿದರೆ, ಡಬಲ್ ಕ್ಲಿಕ್ ಮಾಡಿದಾಗ ಹೆಸರಿಲ್ಲದ ಹೊಸ ಡೆಕ್ ತೆರೆಯುತ್ತೆ, ಮೂಲ ಹಾಗೇ ಉಳಿಯುತ್ತೆ. ವರ್ಡ್‌ನಲ್ಲಿ ಪ್ರೊಪೋಸಲ್ ಮಾಡೋರಿಗೆ ಇದೇ ಕೆಲಸ ಮಾಡೋದು .dotx.

ಆದರೆ ಒಂದು ಮಿತಿ ಇದೆ, ಇದು ನನಗೆ ತಡವಾಗಿ ಗೊತ್ತಾಯ್ತು. ಡೆಕ್ ಹುಟ್ಟುವಾಗಲೇ ಟೆಂಪ್ಲೇಟಿನ ವಿನ್ಯಾಸ ಅದರೊಳಗೆ ನಕಲಾಗಿಬಿಡುತ್ತೆ. ಆಮೇಲೆ ಎರಡಕ್ಕೂ ಸಂಬಂಧ ಇಲ್ಲ. ನಾನು ಬೆಂಗಳೂರಲ್ಲಿ ಕೂತು ಟೆಂಪ್ಲೇಟ್ ಬದಲಿಸಿದರೆ, ಕೊಯಮತ್ತೂರಿನ ಲ್ಯಾಪ್‌ಟಾಪಲ್ಲಿರೋ ಹಳೇ ಡೆಕ್‌ಗೆ ಏನೂ ಆಗಲ್ಲ.

ಅದಕ್ಕೇ ವಾರಂಟಿ, ಬೆಲೆ, ಡೆಲಿವರಿ ಅವಧಿ ಇವನ್ನೆಲ್ಲ ಡೆಕ್‌ನಿಂದಲೇ ತೆಗೆದೆವು. ಮೆಷಿನ್ ಹೇಗೆ ಕೆಲಸ ಮಾಡುತ್ತೆ, ಎಲ್ಲೆಲ್ಲಿ ಹಾಕಿದ್ದೀವಿ, ಇಷ್ಟೇ ಡೆಕ್‌ನಲ್ಲಿ. ಬದಲಾಗೋ ಅಂಕಿಗಳೆಲ್ಲ ಪ್ರೊಪೋಸಲ್‌ನ ಒಂದೇ ಪುಟದಲ್ಲಿ, ಕೆಳಗೆ ‘ಈ ಷರತ್ತುಗಳು ಇಂಥ ತಾರೀಖಿನವರೆಗೆ’ ಅಂತ ಸಾಲು. ತಾರೀಖು ದಾಟಿದ ಪುಟ ಬಂದರೆ ಗ್ರಾಹಕರೇ ಹಿಡೀತಾರೆ.

ಇನ್ನು ನೋಟದ ವಿಷಯ. ಬೇರೆ ಡೆಕ್‌ನಿಂದ ಸ್ಲೈಡ್ ತಂದು ಅಂಟಿಸುವಾಗ ಹೆಚ್ಚಿನವರು Keep Source Formatting ಒತ್ತುತ್ತಾರೆ, ಚೆನ್ನಾಗಿ ಕಾಣಲಿ ಅಂತ. ಆಗ ಆ ಸ್ಲೈಡ್ ಜೊತೆ ಅದರ ಹಳೇ ಮಾಸ್ಟರ್ ಕೂಡ ಒಳಗೆ ಬರುತ್ತೆ. ಪತ್ತೆ ಮಾಡೋದು ಸುಲಭ: View ಒಳಗೆ Slide Master ತೆರೆಯಿರಿ. ಎಡಗಡೆ ದೊಡ್ಡ ಚಿತ್ರ ಒಂದೇ ಇರಬೇಕು. ಪುಣೆಯ ಡೆಕ್‌ನಲ್ಲಿ ಏಳು ಇದ್ದವು! ಅಂಟಿಸುವಾಗ Use Destination Theme ಆರಿಸಿಕೊಂಡಿದ್ದರೆ ಇಷ್ಟಾಗುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಡೆಕ್‌ನ ಒಂದು ಪ್ರತಿ ಮಾಡಿ, Design ಒಳಗೆ Variants, ಅಲ್ಲಿ Colors ಬದಲಿಸಿ. ಥೀಮ್ ಬಣ್ಣ ಬಳಸಿದ್ದೆಲ್ಲ ಬದಲಾಗುತ್ತೆ. ಹಠ ಹಿಡಿದು ಹಳೇ ನೀಲಿಯಲ್ಲೇ ನಿಂತ ಡಬ್ಬಿಗಳು ಯಾರೋ ಕಣ್ಣಳತೆಯಲ್ಲಿ ಬಣ್ಣ ಹಾಕಿದವು. ಅವನ್ನು ಹುಡುಕಿ ಸರಿಮಾಡಬೇಕು.

ಹುಬ್ಬಳ್ಳಿಯವರ ತಕರಾರು ಬೇರೆ, ಮತ್ತು ಅದು ನ್ಯಾಯವಾದದ್ದು. ಸಣ್ಣ ಕಾರ್ಖಾನೆಯ ಮಾಲೀಕರಿಗೆ ಅವರು ಕನ್ನಡದಲ್ಲೇ ಪ್ರೊಪೋಸಲ್ ಕೊಡ್ತಿದ್ರು. ನಮ್ಮ ಬ್ರ್ಯಾಂಡ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ಆಗ ಕಂಪ್ಯೂಟರ್ ತನಗೆ ಸಿಕ್ಕ ಫಾಂಟ್ ಹಾಕುತ್ತೆ. ವಿಂಡೋಸ್‌ನಲ್ಲಿ ತುಂಗಾನೋ ನಿರ್ಮಲಾನೋ, ಮ್ಯಾಕ್‌ನಲ್ಲಿ ಇನ್ನೊಂದು. ಅಕ್ಷರದ ಅಗಲ ಬೇರೆ, ಹಾಗಾಗಿ ಸಾಲು ಡಬ್ಬಿಯಿಂದ ಹೊರಗೆ ಚೆಲ್ಲುತ್ತೆ. ನಾವು ನೋಟೊ ಸಾನ್ಸ್ ಕನ್ನಡ ಆರಿಸಿದೆವು. ಅದು ಉಚಿತ. ಎಲ್ಲರ ಯಂತ್ರಕ್ಕೂ ಹಾಕಿಸಿ, ಗ್ರಾಹಕರಿಗೆ ಪಿಡಿಎಫ್ ಮಾತ್ರ ಕಳಿಸಿ ಅಂದೆವು. ಪಿಡಿಎಫ್‌ನಲ್ಲಿ ಅಕ್ಷರ ಒಳಗೇ ಕೂತಿರುತ್ತೆ, ವಾಟ್ಸಾಪ್‌ನಲ್ಲಿ ತೆರೆದರೂ ಅಲುಗಾಡಲ್ಲ.

ಎಲ್ಲವನ್ನೂ ಬೀಗ ಹಾಕೋಕೆ ಹೋಗಿ ನಾನು ಒಮ್ಮೆ ಎಡವಿದ್ದೂ ಉಂಟು. ಮೊದಲ ಆವೃತ್ತಿಯಲ್ಲಿ ಊರಿನವರು ತಮ್ಮ ಗ್ರಾಹಕರ ಫೋಟೊ ಹಾಕೋಕೆ ಜಾಗವೇ ಇರಲಿಲ್ಲ. ಎರಡೇ ವಾರಕ್ಕೆ ಎಲ್ಲರೂ ಹಳೇ ಕಡತಕ್ಕೆ ವಾಪಸ್. ಆಮೇಲೆ ಮೂರು ಖಾಲಿ ಲೇಔಟ್ ಸೇರಿಸಿದೆ: ಫೋಟೊಗೆ ಒಂದು, ಸ್ಥಳೀಯ ಗ್ರಾಹಕರ ಮಾತಿಗೆ ಒಂದು, ಸರ್ವಿಸ್ ಇಂಜಿನಿಯರ್ ಹೆಸರು, ನಂಬರ್‌ಗೆ ಒಂದು. ಕೊನೆಯದನ್ನು ಕೇಳಿದ್ದು ಪುಣೆಯ ಅದೇ ಹುಡುಗ.