ಪ್ಲಾಸ್ಟಿಕ್ ಕರಗುವ ಮುನ್ನ ಮೂಲೆಮಟ್ಟ

ಚೀನಾದ ಕ್ರಿಯಾಲಿಟಿ ಕಂಪನಿ 2018ರಲ್ಲಿ ಮಾರುಕಟ್ಟೆಗೆ ಬಿಟ್ಟ ಎಂಡರ್-3 ಎಂಬ ತ್ರೀಡಿ ಪ್ರಿಂಟರ್ ಬಿಡಿಭಾಗಗಳಾಗಿ ಮನೆಗೆ ಬರುತ್ತದೆ. ತಳಭಾಗವೂ ಅದರ ಮೇಲೆ ಹಿಂದೆ ಮುಂದೆ ಓಡುವ ಹಾಸೂ ಜೋಡಿಸಿಯೇ ಇರುತ್ತವೆ. ಎರಡು ಅಲ್ಯೂಮಿನಿಯಂ ಕಂಬ ನಿಲ್ಲಿಸಿ, ನಡುವೆ ನಳಿಕೆ ಓಡಾಡುವ ಅಡ್ಡತೊಲೆ ಕೂರಿಸಿ, ತಲೆಯ ಮೇಲೊಂದು ಪಟ್ಟಿ ಬಿಗಿದರೆ ಯಂತ್ರ ಎದ್ದು ನಿಲ್ಲುತ್ತದೆ. ಒಂದು ಸಂಜೆಯೊಳಗೆ ಮುಗಿಯುವ ಕೆಲಸ. ಆದರೆ ಆ ಕಂಬಗಳು ನಿಜಕ್ಕೂ ನೆಟ್ಟಗಿವೆಯೇ ಎಂದು ನೋಡದೆ ಪ್ರಿಂಟ್ ಶುರುಮಾಡುವವರೇ ಹೆಚ್ಚು.

ಒಂದು ಲೆಕ್ಕ ಹಾಕೋಣ. ಚೌಕಟ್ಟಿನ ಒಳಗಿನ ಅಗಲ 300 ಮಿ.ಮೀ., ಎತ್ತರ 400 ಮಿ.ಮೀ. ಎಂದಿಟ್ಟುಕೊಳ್ಳಿ. ಎಲ್ಲ ಮೂಲೆಗಳೂ ಸರಿಯಾಗಿದ್ದರೆ ಎರಡೂ ಕರ್ಣಗಳು 500 ಮಿ.ಮೀ. ಬರುತ್ತವೆ. ಪಾಯ ತೆಗೆಯುವಾಗ ಗಾರೆಯವರು ಹಗ್ಗ ಹಿಡಿದು ನೋಡುವ ಮೂರು-ನಾಲ್ಕು-ಐದರ ಲೆಕ್ಕವೇ ಇದು. ಕಂಬಗಳ ತುದಿ ಬಲಕ್ಕೆ ಒಂದೇ ಒಂದು ಮಿ.ಮೀ. ವಾಲಿದರೂ ಒಂದು ಕರ್ಣ 500.6ಕ್ಕೆ ಹಿಗ್ಗಿ, ಇನ್ನೊಂದು 499.4ಕ್ಕೆ ಕುಗ್ಗುತ್ತದೆ. ಕಣ್ಣಿಗೆ ಕಾಣದ ವಾಲು ಟೇಪಿನಲ್ಲಿ ಒಂದು ಮಿ.ಮೀ.ಗೂ ಮೀರಿದ ವ್ಯತ್ಯಾಸವಾಗಿ ಸಿಕ್ಕಿಬೀಳುತ್ತದೆ.

ಇಷ್ಟು ವಾಲಿದ ಯಂತ್ರದಲ್ಲಿ ಹೊಸಬರು ಮೊದಲು ಮಾಡಿ ನೋಡುವ 20 ಮಿ.ಮೀ.ನ ಘನದ ಓರೆ ಬರೀ 0.05 ಮಿ.ಮೀ. ಯಾರಿಗೂ ತಿಳಿಯುವುದಿಲ್ಲ. ಅದೇ ಯಂತ್ರದಲ್ಲಿ 200 ಮಿ.ಮೀ. ಎತ್ತರದ ಡಬ್ಬಿ ಮಾಡಿದರೆ ಮೇಲ್ತುದಿ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಬಿಗಿಯಾಗಿ ಒಳಗೆ ಇಳಿಯಬೇಕಾದ ತುಂಡು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಸನ್ನು ತಾನಾಗಿ ಅಳೆದುಕೊಳ್ಳುವ ಸೆನ್ಸರ್ ಇದನ್ನು ಸರಿಪಡಿಸುವುದಿಲ್ಲ. ಅದು ನೋಡುವುದು ಹಾಸಿನ ಏರಿಳಿತವನ್ನು ಮಾತ್ರ.

ಸರಿಪಡಿಸುವ ಕೆಲಸ ತಳದಿಂದ ಶುರುವಾಗಬೇಕು. ಯಂತ್ರವನ್ನು ಕಡಪ ಕಲ್ಲಿನ ಮೇಲೋ ದಪ್ಪ ಗಾಜಿನ ಮೇಲೋ ಇಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಬೇಕು. ಅಲುಗಾಡಿದರೆ ತಳವೇ ತಿರುಚಿಕೊಂಡಿದೆ ಎಂದರ್ಥ. ಬೋಲ್ಟುಗಳನ್ನು ಸಡಿಲಿಸಿ, ಕಲ್ಲಿಗೆ ಒತ್ತಿ ಹಿಡಿದೇ ಮತ್ತೆ ಬಿಗಿಯಬೇಕು. ಕಂಬಗಳ ವಿಷಯದಲ್ಲಿ ಆತುರ ಸಲ್ಲದು: ಬೋಲ್ಟುಗಳನ್ನೆಲ್ಲ ಅರ್ಧ ಬಿಗಿದು, ಮೂಲೆಮಟ್ಟವನ್ನು ತಳಕ್ಕೂ ಕಂಬಕ್ಕೂ ಆನಿಸಿ, ಬೆಳಕು ನುಸುಳದಂತೆ ಕೂತಮೇಲೆ ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಕಂಬ ಆ ಕಡೆಗೆ ಎಳೆದುಕೊಳ್ಳುತ್ತದೆ. ಕರ್ಣದ ಅಳತೆ ಎಡಬಲದ ವಾಲನ್ನು ಮಾತ್ರ ಹೇಳುತ್ತದೆ, ಹಿಂದೆ ಮುಂದಿನ ವಾಲಿಗೆ ಮೂಲೆಮಟ್ಟವೇ ಬೇಕು. ರಸಮಟ್ಟ ಇಲ್ಲಿ ದಾರಿ ತಪ್ಪಿಸಬಹುದು. ಮೇಜು ಓರೆಯಾಗಿದ್ದರೂ ಪ್ರಿಂಟರ್‌ಗೆ ತೊಂದರೆಯಿಲ್ಲ, ಅದರ ಭಾಗಗಳು ಒಂದಕ್ಕೊಂದು ಲಂಬವಾಗಿದ್ದರೆ ಸಾಕು.

ಸಾಫ್ಟ್‌ವೇರಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಯೋಸೆಫ್ ಪ್ರೂಶಾ ಅವರ ಪ್ರಾಗ್‌ನ ಕಂಪನಿ 2016ರ ಎಂಕೆ2 ಮಾದರಿಯಲ್ಲೇ ಯಂತ್ರ ತನ್ನ ಓರೆಯನ್ನು ತಾನೇ ಅಳೆದು ಸರಿದೂಗಿಸುವ ವ್ಯವಸ್ಥೆ ತಂದಿತು. ಎಷ್ಟೋ ಪ್ರಿಂಟರ್‌ಗಳಲ್ಲಿರುವ ಮಾರ್ಲಿನ್ ತಂತ್ರಾಂಶದಲ್ಲೂ ಇದಕ್ಕೆ `M852` ಎಂಬ ಆಜ್ಞೆಯಿದೆ. ಆದರೆ ಕೊಟ್ಟ ಅಂಕಿ ಬೋಲ್ಟು ಅಲುಗದಿರುವವರೆಗೆ ಮಾತ್ರ ನಿಜ. ಆದ್ದರಿಂದ ಮೊದಲು ಅಲೆನ್ ಕೀ, ಆಮೇಲೆ ಆಜ್ಞೆ.

ಇನ್ನು ಬೆಲ್ಟು. ನಳಿಕೆಯನ್ನು ಎಡಬಲಕ್ಕೂ ಹಾಸನ್ನು ಹಿಂದೆ ಮುಂದಕ್ಕೂ ಎಳೆಯುವುದು ಹಲ್ಲಿರುವ ರಬ್ಬರ್ ಬೆಲ್ಟುಗಳು. ಎರಡು ಹಲ್ಲುಗಳ ನಡುವೆ 2 ಮಿ.ಮೀ., ಮೋಟಾರಿನ ಪುಲ್ಲಿಯಲ್ಲಿ 20 ಹಲ್ಲು. ಅಂದರೆ ಮೋಟಾರ್ ಒಂದು ಸುತ್ತು ಸುತ್ತಿದರೆ ನಳಿಕೆ 40 ಮಿ.ಮೀ. ಸರಿಯುತ್ತದೆ. ಬೆಲ್ಟು ತೊಲೆಗೆ ಸಮಾನಾಂತರವಾಗಿರದೆ ಓರೆಯಾಗಿ ಹೋದರೆ, ನಳಿಕೆ ಪುಲ್ಲಿಯ ಹತ್ತಿರ ಬಂದಂತೆ ಬೆಲ್ಟು ಬಿಗಿಯಾಗುತ್ತದೆ, ನಡುವೆ ಸಡಿಲಾಗುತ್ತದೆ. ಅಂಚು ಪುಲ್ಲಿಯ ಬಿಲ್ಲೆಗೆ ಉಜ್ಜಿ ಕರಿ ಪುಡಿ ಉದುರುತ್ತದೆ.

ಪರೀಕ್ಷೆ ಸುಲಭ. ಬೆಲ್ಟು ಹಾಕುವ ಮೊದಲೇ ನಳಿಕೆಯ ಗಾಡಿ ತೊಲೆಯ ಮೇಲೆ ಸಲೀಸಾಗಿ ಓಡುತ್ತದೆಯೇ ನೋಡಬೇಕು. ಚಕ್ರ ಬಿಗಿಯಾಗಿದ್ದರೆ ದೂಷಣೆ ಆಮೇಲೆ ಬೆಲ್ಟಿನ ಮೇಲೆ ಬರುತ್ತದೆ. ಬೆಲ್ಟು ಹಾಕಿದ ಮೇಲೆ ಕರೆಂಟ್ ತೆಗೆದು ಗಾಡಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಳ್ಳಬೇಕು. ಜೋರಾಗಿ ತಳ್ಳಿದರೆ ಮೋಟಾರೇ ಡೈನಮೋ ಆಗಿ ಬೋರ್ಡಿಗೆ ವಿದ್ಯುತ್ ಹರಿಸೀತು. ಉದ್ದಕ್ಕೂ ಬೆಲ್ಟು ಪುಲ್ಲಿಯ ನಡುವೆಯೇ ಇರಬೇಕು, ಬೆರಳಿಗೆ ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು. ಒಂದು ಕಡೆ ಸರಿಯುತ್ತಿದ್ದರೆ ಪುಲ್ಲಿಯ ಪುಟ್ಟ ಸ್ಕ್ರೂ ಸಡಿಲಿಸಿ, ಪುಲ್ಲಿಯನ್ನು ಮೋಟಾರಿನ ದಂಡದ ಮೇಲೆ ತುಸು ಮುಂದೆಯೋ ಹಿಂದೆಯೋ ಸರಿಸಿ ಬಿಗಿಯಬೇಕು. ದಂಡದಲ್ಲಿ ಚಪ್ಪಟೆ ಮುಖವಿದ್ದರೆ ಸ್ಕ್ರೂ ಅದರ ಮೇಲೆಯೇ ಕೂರಬೇಕು.

ಬಿಗಿದ ಮೇಲೆ ಪುಲ್ಲಿಯಿಂದ ದಂಡದವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡುವುದು ಒಳ್ಳೆಯದು. ಮುಂದೆಂದಾದರೂ ಪ್ರಿಂಟ್‌ನ ನಡುವೆ ಪದರಗಳು ಪಕ್ಕಕ್ಕೆ ಜರುಗಿದರೆ ಮೊದಲು ಆ ಗೆರೆ ನೋಡಬೇಕು. ಗೆರೆ ತುಂಡಾಗಿದ್ದರೆ ಸ್ಕ್ರೂ ಜಾರಿದೆ. ಗೆರೆ ಸರಿಯಾಗಿದ್ದು ಜರುಗಿದ್ದು ಸರಿಯಾಗಿ 2 ಮಿ.ಮೀ. ಆಗಿದ್ದರೆ, ಬಹುಮಟ್ಟಿಗೆ ಸಡಿಲ ಬೆಲ್ಟು ಒಂದು ಹಲ್ಲು ಹಾರಿದೆ.