ವೇಗ ಏರಿಸುವ ಮುನ್ನ

ಒಂದು ಗಂಟೆಯ ಪಾಡ್‌ಕಾಸ್ಟನ್ನು 1.25x ವೇಗಕ್ಕಿಟ್ಟರೆ 48 ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಒತ್ತಿಗೆ 12 ನಿಮಿಷ ಉಳಿಯಿತು. ಅದೇ ಹುಮ್ಮಸ್ಸಿನಲ್ಲಿ 1.75xನಿಂದ 2xಗೆ ಏರಿಸಿದರೆ ಹೆಚ್ಚಿಗೆ ಉಳಿಯುವುದು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷಕ್ಕಾಗಿ ಹೆಸರು, ಇಸವಿಗಳು ಕಿವಿ ತಪ್ಪಿಹೋಗಿ ಎರಡು ಸಲ ಹಿಂದೆ ಸರಿಸಿದರೆ ಲೆಕ್ಕ ಅಲ್ಲಿಗಲ್ಲಿಗೆ.

ವೇಗ ಹೆಚ್ಚಿದರೂ ದನಿ ಹಳೆಯ ಟೇಪಿನ ಹಾಗೆ ಕೀಚಲಾಗುವುದಿಲ್ಲ. ಆ್ಯಪ್ ಧ್ವನಿಯನ್ನು ಕಣ್ಣೆವೆಗಿಂತ ಕಿರಿದಾದ ತುಣುಕುಗಳಾಗಿಸಿ, ಒಂದೇ ತೆರನಾಗಿ ಮರುಕಳಿಸುವ ಅಲೆಗಳಲ್ಲಿ ಕೆಲವನ್ನು ಬಿಟ್ಟು, ಉಳಿದವನ್ನು ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತದೆ. ಮಾತಿಗೆ ಈ ಹೊಲಿಗೆ ಸಾಕು. ತಬಲಾದ ಪೆಟ್ಟಿಗೆ ಸಾಲದು, ಅದು ಕಲಸಿಹೋಗುತ್ತದೆ. ಹಾಡು ಬೆರೆತ ಕಾರ್ಯಕ್ರಮವನ್ನು 1xನಲ್ಲೇ ಕೇಳಿ.

ಎಷ್ಟೋ ಸಲ ತೊಂದರೆ ವೇಗದ್ದಲ್ಲ, ದನಿಯದು. ನಿರೂಪಕರು ಸ್ಟುಡಿಯೋದಲ್ಲಿ, ಅತಿಥಿ ಫೋನಿನಲ್ಲಿ: ಒಬ್ಬರು ಮಾತಾಡಿದರೆ ಕಿವಿಗೆ ಹೊಡೆಯುತ್ತದೆ, ಇನ್ನೊಬ್ಬರದು ಬಸ್ಸಿನ ಗದ್ದಲದಲ್ಲಿ ಮುಳುಗುತ್ತದೆ. ‘ವಾಯ್ಸ್ ಬೂಸ್ಟ್’ ಇರುವುದು ಇದಕ್ಕೇ. ಜೋರಾದದ್ದನ್ನು ತಗ್ಗಿಸಿ, ಮೆಲುದನಿಯನ್ನು ಎತ್ತಿ, ಎರಡನ್ನೂ ಹತ್ತಿರ ತರುತ್ತದೆ. ಆದರೆ ಅತಿಥಿಯ ದನಿಯ ಜೊತೆ ಅವರ ಕೋಣೆಯ ಫ್ಯಾನಿನ ಸದ್ದೂ ಮೇಲೇಳುತ್ತದೆ. ಮನೆಯ ನಿಶ್ಶಬ್ದದಲ್ಲಿ ಅದನ್ನು ಆರಿಸಿಡುವುದೇ ವಾಸಿ.

ಮೌನ ಕತ್ತರಿಸುವ ಸೌಲಭ್ಯ ಓವರ್‌ಕಾಸ್ಟ್‌ನಲ್ಲಿ ‘ಸ್ಮಾರ್ಟ್ ಸ್ಪೀಡ್’, ಪಾಕೆಟ್ ಕಾಸ್ಟ್ಸ್‌ನಲ್ಲಿ ‘ಟ್ರಿಮ್ ಸೈಲೆನ್ಸ್’. ನಿಗದಿತ ಮಟ್ಟಕ್ಕಿಂತ ಸದ್ದು ಇಳಿದ ಜಾಗವನ್ನು ಮೌನವೆಂದು ಎಣಿಸಿ ಮೊಟಕುಗೊಳಿಸುವುದು ಇದರ ಕೆಲಸ. ‘ಅಂ... ಆಂ...’ ಎಂದು ರಾಗ ಎಳೆಯುವುದು ಅದರ ಪಾಲಿಗೆ ಮೌನವಲ್ಲ, ಹಾಗಾಗಿ ಅದು ಹಾಗೇ ಉಳಿಯುತ್ತದೆ. ಹಿನ್ನೆಲೆಯಲ್ಲಿ ಸಂಗೀತ ಹರಿಯುತ್ತಲೇ ಇದ್ದರೆ ಕತ್ತರಿಸಲು ಏನೂ ಸಿಗದು. ಮೆಲ್ಲಗೆ ಮಾತಾಡುವವರ ವಾಕ್ಯದ ಕೊನೆಯ ಅಕ್ಷರಗಳು ಮಾಯವಾಗುತ್ತಿದ್ದರೆ ಕತ್ತರಿ ತುಸು ಹರಿತವಾಯಿತೆಂದೇ ಅರ್ಥ. ಒಂದು ಹಂತ ಇಳಿಸಿ. ಹರಟೆ, ಸಂದರ್ಶನಗಳಿಗೆ ಇದು ಚೆನ್ನ. ಕಾದಂಬರಿಗೆ ಮಾತ್ರ ಬೇಡ ಎನ್ನುತ್ತೇನೆ. ಪಾತ್ರವೊಂದು ಉತ್ತರ ಕೊಡದೆ ಸುಮ್ಮನಾದ ಆ ಎರಡು ಕ್ಷಣವನ್ನು ಓದುವವರು ಬೇಕೆಂದೇ ಬಿಟ್ಟಿರುತ್ತಾರೆ. ಹಲವು ಆ್ಯಪ್‌ಗಳಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇಡಬಹುದು.

ಸ್ಲೀಪ್ ಟೈಮರ್‌ನದು ಬೇರೆಯೇ ಲೆಕ್ಕ. ಅದು ಸಾಮಾನ್ಯವಾಗಿ ಎಣಿಸುವುದು ಗಡಿಯಾರದ ನಿಮಿಷಗಳನ್ನು, ಪುಸ್ತಕದ್ದನ್ನಲ್ಲ. 1.5x ವೇಗದಲ್ಲಿ 30 ನಿಮಿಷಕ್ಕೆ ಇಟ್ಟು, ಹತ್ತನೆಯ ನಿಮಿಷಕ್ಕೆ ನಿದ್ದೆ ಹೋದಿರಿ ಎನ್ನಿ. ಉಳಿದ 20 ನಿಮಿಷದಲ್ಲಿ ಪುಸ್ತಕದ 30 ನಿಮಿಷ ಓಡಿರುತ್ತದೆ. ಬೆಳಿಗ್ಗೆ 30 ಸೆಕೆಂಡ್ ಹಿಂದೆ ಹೋಗುವ ಗುಂಡಿಯನ್ನು ಒತ್ತುತ್ತಾ ಕೂರಬೇಡಿ, ನೇರ ಅರ್ಧ ಗಂಟೆ ಹಿಂದಕ್ಕೆ ಎಳೆಯಿರಿ. ‘ಅಧ್ಯಾಯದ ಕೊನೆಗೆ’ ಎಂಬ ಆಯ್ಕೆ ಚಿಕ್ಕ ಅಧ್ಯಾಯಗಳ ಪುಸ್ತಕಕ್ಕೆ ಅನುಕೂಲ. ಅಧ್ಯಾಯ ಒಂದು ಗಂಟೆಯದಾದರೆ ಹದಿನೈದು ನಿಮಿಷದ ಟೈಮರೇ ಇರಲಿ. ಆಂಟೆನಾಪಾಡ್‌ನಂಥ ಆ್ಯಪ್‌ಗಳಲ್ಲಿ ಇನ್ನೂ ಎಚ್ಚರವಿದ್ದರೆ ಫೋನ್ ಅಲುಗಾಡಿಸಿ ಅದನ್ನು ಮತ್ತೆ ಮೊದಲಿಂದ ಶುರುಮಾಡಬಹುದು.